ಕೆಸಿಸಿ ಸಾಲದ ಸ್ಟೇಟ್‌ಮೆಂಟ್ ಬೇಕಾ? ಬ್ಯಾಂಕಿಗೆ ಅರ್ಜಿ ಹೀಗೆ ಬರೆಯಿರಿ

ಬೆಳೆಸಾಲ ಕಟ್ಟಿದ್ದೀರಿ, ವಾಯಿದೆಯೊಳಗೇ ಕಟ್ಟಿದ್ದೀರಿ. ಆದ್ರೆ ಬ್ಯಾಂಕ್ ನಿಮ್ಮಿಂದ ಬಡ್ಡಿ ಎಷ್ಟು ಹಿಡಿದಿದೆ, ಶೇಕಡಾ 4ರ ಲೆಕ್ಕದಲ್ಲಾ ಅಥವಾ 7ರ ಲೆಕ್ಕದಲ್ಲಾ? ಫಸಲ್ ಬಿಮಾ ಕಂತು ನಿಮ್ಮ ಖಾತೆಯಿಂದ ಕಳೆದಿದೆಯಾ? ಕಳೆದಿದ್ರೆ ಯಾವ ತಾರೀಖಿಗೆ? ಈ ಪ್ರಶ್ನೆಗಳಿಗೆ ಕೌಂಟರ್‌ನಲ್ಲಿ ಬಾಯಿಮಾತಿನ ಉತ್ತರ ಸಿಗುತ್ತೆ, ಆದ್ರೆ ಅದು ದಾಖಲೆ ಆಗಲ್ಲ. ಸಾಲದ ಖಾತೆಯ ಸ್ಟೇಟ್‌ಮೆಂಟ್ ಒಂದೇ ದಾಖಲೆ. ಅದನ್ನು ಲಿಖಿತ ಅರ್ಜಿ ಕೊಟ್ಟು, ಸರಿಯಾದ ಅವಧಿಗೆ ಕೇಳಿ ತೆಗೆದುಕೊಳ್ಳೋದು ಹೇಗೆ ಅನ್ನೋದು ಈ ವಾರದ ಪಾಠ.

ಉದಾಹರಣೆಗೆ, ಒಬ್ಬ ಮೆಕ್ಕೆಜೋಳದ ರೈತ 10 ಜೂನ್ 2024ರಂದು ಕೆಸಿಸಿ ಖಾತೆಯಿಂದ 1,50,000 ರೂಪಾಯಿ ಒಂದೇ ಸಲ ತೆಗೆದ ಅಂತ ಇಟ್ಕೊಳ್ಳೋಣ. 5 ಜೂನ್ 2025ರಂದು ಪೂರ್ತಿ ಕಟ್ಟಿದ. ಅಂದರೆ 360 ದಿನ. ಶೇಕಡಾ 7ರಂತೆ ಬಡ್ಡಿ ಸುಮಾರು 10,356 ರೂಪಾಯಿ. ವಾಯಿದೆಯೊಳಗೆ ಕಟ್ಟಿದವರಿಗೆ ಕೇಂದ್ರ ಸರ್ಕಾರ ಶೇಕಡಾ 3ರ ರಿಯಾಯಿತಿ ಕೊಡುತ್ತೆ, ಹಾಗಾಗಿ ಅವನಿಗೆ ನಿಜವಾಗಿ ಬೀಳಬೇಕಾದ್ದು ಶೇಕಡಾ 4, ಸುಮಾರು 5,918 ರೂಪಾಯಿ. ನಡುವಿನ ವ್ಯತ್ಯಾಸ 4,438 ರೂಪಾಯಿ. ಎರಡು ಮೂರು ಟ್ರಾಲಿ ಗೊಬ್ಬರದ ದುಡ್ಡು ಅದು, ಸುಮ್ಮನೆ ಬಿಡುವಂಥದ್ದಲ್ಲ.

ಈ ಲೆಕ್ಕ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಮಾತ್ರ, ಅದೂ ಸಾಲ ತೆಗೆದ ದಿನದಿಂದ ಹೆಚ್ಚೆಂದರೆ ಒಂದು ವರ್ಷಕ್ಕೆ. ಬೋರ್‌ವೆಲ್, ಡ್ರಿಪ್, ಟ್ರ್ಯಾಕ್ಟರ್‌ಗೆ ತೆಗೆದ ಅವಧಿ ಸಾಲಕ್ಕೆ ಇದು ಅನ್ವಯಿಸಲ್ಲ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಶೂನ್ಯ ಬಡ್ಡಿ ಸಾಲ ಪಡೆದವರ ಲೆಕ್ಕವೇ ಬೇರೆ. ಆದ್ರೆ ಸ್ಟೇಟ್‌ಮೆಂಟ್ ಕೇಳೋ ರೀತಿ ಎಲ್ಲರಿಗೂ ಒಂದೇ, ಅಲ್ಲಿ ಅರ್ಜಿ ಸಂಘದ ಮುಖ್ಯ ಕಾರ್ಯನಿರ್ವಾಹಕರ ಹೆಸರಿಗೆ ಹೋಗುತ್ತೆ ಅಷ್ಟೇ.

ಈಗ ಮುಖ್ಯವಾದ ವಿಷಯ: ಅವಧಿ. "ಒಂದು ವರ್ಷದ ಸ್ಟೇಟ್‌ಮೆಂಟ್ ಕೊಡಿ" ಅಂದ್ರೆ ಕೌಂಟರ್‌ನವರು ಸಾಮಾನ್ಯವಾಗಿ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ತೆಗೆದು ಕೈಗೆ ಕೊಡ್ತಾರೆ. ಅವರ ವರ್ಷ ಅದು. ನಮ್ಮ ವರ್ಷ ಮುಂಗಾರಿನಿಂದ ಮುಂಗಾರಿಗೆ. ಮೇಲಿನ ಉದಾಹರಣೆಯಲ್ಲಿ 2024-25ರ ಸ್ಟೇಟ್‌ಮೆಂಟ್ ತಂದರೆ ಸಾಲ ತೆಗೆದದ್ದು ಕಾಣುತ್ತೆ, ಕಟ್ಟಿದ್ದು ಕಾಣಲ್ಲ. 2025-26ರದ್ದು ತಂದರೆ ಕಟ್ಟಿದ್ದು ಕಾಣುತ್ತೆ, ತೆಗೆದದ್ದು ಕಾಣಲ್ಲ. ಅದಕ್ಕೆ ಸಾಲ ತೆಗೆದ ತಿಂಗಳ 1ನೇ ತಾರೀಖಿನಿಂದ ಶುರು ಮಾಡಿ.

ಕೊನೆಯ ತಾರೀಖನ್ನೂ ಸಾಲ ಕಟ್ಟಿದ ದಿನಕ್ಕೇ ನಿಲ್ಲಿಸಬೇಡಿ. ಕೆಲವು ಶಾಖೆಗಳಲ್ಲಿ ಮೊದಲು ಶೇಕಡಾ 7ರಂತೆ ಬಡ್ಡಿ ಹಿಡಿದು, ಶೇಕಡಾ 3ನ್ನು ಆಮೇಲೆ ಜಮಾ ಮಾಡ್ತಾರೆ. ಆ ಜಮಾ ಬರೋದು ತಿಂಗಳುಗಳ ನಂತರವೂ ಇರಬಹುದು. ಹಾಗಾಗಿ ಅರ್ಜಿ ಕೊಡೋ ದಿನದವರೆಗೂ ಕೇಳಿ. ಆ ಹಣ ಸಾಲದ ಖಾತೆ ಬಿಟ್ಟು ಉಳಿತಾಯ ಖಾತೆಗೆ ಬಂದಿರೋ ಸಾಧ್ಯತೆಯೂ ಇದೆ, ಅದಕ್ಕೆ ಉಳಿತಾಯ ಖಾತೆಯ ಅದೇ ಅವಧಿಯ ಸ್ಟೇಟ್‌ಮೆಂಟನ್ನೂ ಜೊತೆಗೇ ಕೇಳಿಬಿಡಿ.

ಇನ್ನು ಖಾತೆ ಸಂಖ್ಯೆ. ಒಬ್ಬ ರೈತನ ಹೆಸರಲ್ಲಿ ಒಂದೇ ಶಾಖೆಯಲ್ಲಿ ಉಳಿತಾಯ ಖಾತೆ, ಕೆಸಿಸಿ ಖಾತೆ, ಅವಧಿ ಸಾಲದ ಖಾತೆ ಅಂತ ಮೂರು ಇರ್ತವೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿರೋದು ಬಹುಪಾಲು ಉಳಿತಾಯ ಖಾತೆಯ ಸಂಖ್ಯೆ. ಅದನ್ನೇ ಅರ್ಜಿಯಲ್ಲಿ ಬರೆದರೆ ಹಾಲಿನ ದುಡ್ಡು, ಗ್ಯಾಸ್ ಸಬ್ಸಿಡಿ ಬಂದ ಪಟ್ಟಿ ಸಿಗುತ್ತೆ, ಸಾಲದ್ದಲ್ಲ. ಸಾಲದ ಸಂಖ್ಯೆ ಮಂಜೂರಾತಿ ಪತ್ರದಲ್ಲಿ, ಕೆಸಿಸಿ ಪಾಸ್‌ಬುಕ್ಕಿನಲ್ಲಿ, ಇಲ್ಲಾ ನೀವು ಹಣ ಕಟ್ಟಿದ ಚಲನ್‌ನಲ್ಲಿ ಇರುತ್ತೆ. ಎಲ್ಲೂ ಸಿಗಲಿಲ್ಲ ಅಂದ್ರೆ ಗ್ರಾಹಕ ಸಂಖ್ಯೆ ಬರೆಯಿರಿ, ಆ ಒಂದು ಸಂಖ್ಯೆಯಿಂದ ನಿಮ್ಮ ಎಲ್ಲಾ ಖಾತೆಗಳೂ ಅವರ ಕಂಪ್ಯೂಟರ್‌ನಲ್ಲಿ ತೆರೆದುಕೊಳ್ತವೆ. ಬ್ಯಾಂಕ್ ವಿಲೀನ ಆಗಿದ್ರೆ (ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್‌ಗೆ, ವಿಜಯಾ 2019ರಲ್ಲಿ ಬರೋಡಾಕ್ಕೆ ಸೇರಿದವು) ಹಳೇ ಬ್ಯಾಂಕಿನ ಹೆಸರನ್ನೂ ಹಳೇ ಸಂಖ್ಯೆಯನ್ನೂ ಒಂದು ಸಾಲಲ್ಲಿ ಸೇರಿಸಿ. ವಿಲೀನಕ್ಕೆ ಮುಂಚಿನ ವರ್ಷದ ಲೆಕ್ಕ ಬೇಕಾದಾಗ ಅದು ತುಂಬಾ ಉಪಯೋಗಕ್ಕೆ ಬರುತ್ತೆ.

ಅರ್ಜಿ ಹೀಗಿರಲಿ. ಬಿಳಿ ಹಾಳೆಯಲ್ಲಿ ಕೈಬರಹ ಸಾಕು.

ಇಂದ,
(ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಹೆಸರು, ತಂದೆ/ಗಂಡನ ಹೆಸರು)
(ಊರು, ಅಂಚೆ, ತಾಲ್ಲೂಕು, ಮೊಬೈಲ್ ಸಂಖ್ಯೆ)

ಗೆ,
ಶಾಖಾ ವ್ಯವಸ್ಥಾಪಕರು
(ಬ್ಯಾಂಕ್, ಶಾಖೆ)

ದಿನಾಂಕ: 17-11-2025

ವಿಷಯ: ನನ್ನ ಕೆಸಿಸಿ ಸಾಲದ ಖಾತೆಯ 01-06-2024ರಿಂದ 17-11-2025ರವರೆಗಿನ ಸ್ಟೇಟ್‌ಮೆಂಟ್ ಕೋರಿ.

ಮಾನ್ಯರೇ,

ನಾನು ತಮ್ಮ ಶಾಖೆಯಲ್ಲಿ ಕೆಸಿಸಿ ಬೆಳೆಸಾಲ ಪಡೆದಿರುತ್ತೇನೆ. ಖಾತೆಯ ವಿವರ:
ಕೆಸಿಸಿ ಸಾಲದ ಖಾತೆ ಸಂಖ್ಯೆ: ..............
ಉಳಿತಾಯ ಖಾತೆ ಸಂಖ್ಯೆ: ..............
ಗ್ರಾಹಕ ಸಂಖ್ಯೆ: ..............
ಜಮೀನಿನ ಸರ್ವೆ ನಂಬರ್ ಮತ್ತು ಗ್ರಾಮ: ..............

ದಿನಾಂಕ 10-06-2024ರಂದು 1,50,000 ರೂಪಾಯಿ ಪಡೆದು, 05-06-2025ರಂದು ಪೂರ್ಣ ಮರುಪಾವತಿ ಮಾಡಿರುತ್ತೇನೆ. ಬಡ್ಡಿ ರಿಯಾಯಿತಿ ಮತ್ತು ಬೆಳೆ ವಿಮೆಯ ವಿವರ ಪರಿಶೀಲಿಸಬೇಕಾಗಿರುವುದರಿಂದ ಕೆಳಗಿನವುಗಳನ್ನು ಕೊಡಬೇಕಾಗಿ ಕೋರುತ್ತೇನೆ.

1. ಮೇಲಿನ ಎರಡೂ ಖಾತೆಗಳ 01-06-2024ರಿಂದ 17-11-2025ರವರೆಗಿನ ಸ್ಟೇಟ್‌ಮೆಂಟ್, ಬ್ಯಾಂಕಿನ ಸಹಿ ಮತ್ತು ಮೊಹರಿನೊಂದಿಗೆ.
2. ಈ ಸಾಲಕ್ಕೆ ಹಾಕಿದ ಬಡ್ಡಿ ದರ, ಮತ್ತು ಸಕಾಲ ಮರುಪಾವತಿಯ ಶೇಕಡಾ 3 ರಿಯಾಯಿತಿ ಜಮಾ ಆಗಿದ್ದಲ್ಲಿ ಅದರ ದಿನಾಂಕ ಹಾಗೂ ಮೊತ್ತ; ಆಗಿರದಿದ್ದಲ್ಲಿ ಕಾರಣ.
3. 2024ರ ಮುಂಗಾರಿಗೆ ಬೆಳೆ ವಿಮೆ ಕಂತು ಕಡಿತವಾಗಿದ್ದಲ್ಲಿ ಅದರ ಅರ್ಜಿ ಸಂಖ್ಯೆ, ಬೆಳೆ ಮತ್ತು ಸರ್ವೆ ನಂಬರ್.

ಇದಕ್ಕೆ ನಿಗದಿತ ಶುಲ್ಕವಿದ್ದಲ್ಲಿ ನನ್ನ ಉಳಿತಾಯ ಖಾತೆಯಿಂದ ಪಡೆಯಬಹುದು.

ತಮ್ಮ ವಿಶ್ವಾಸಿ,
(ಬ್ಯಾಂಕಿನಲ್ಲಿರುವ ಸಹಿಯಂತೆ ಸಹಿ)
ಲಗತ್ತು: ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ

ಎರಡು ಮತ್ತು ಮೂರನೇ ಅಂಶ ಯಾಕೆ ಬೇಕು ಅಂದ್ರೆ, ಸ್ಟೇಟ್‌ಮೆಂಟಿನಲ್ಲಿ ಬರೋದು ತಾರೀಖು, ಮೊತ್ತ, ಅರ್ಧಂಬರ್ಧ ಇಂಗ್ಲಿಷ್ ಅಕ್ಷರಗಳು ಮಾತ್ರ. `INT` ಅಂದರೆ ಬಡ್ಡಿ, `PMFBY` ಅಂದರೆ ವಿಮೆ ಕಂತು ಅಂತ ಊಹಿಸಬಹುದು, ಆದ್ರೆ ಯಾವ ದರದ ಬಡ್ಡಿ, ಯಾವ ಬೆಳೆಗೆ ವಿಮೆ ಅಂತ ಅದು ಹೇಳಲ್ಲ.

ಅರ್ಜಿ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ಸ್ವೀಕರಿಸಿದೆ" ಅಂತ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ಮುಂದೆ ದೂರು ಕೊಡಬೇಕಾಗಿ ಬಂದ್ರೆ ಇದೇ ಆಧಾರ. ಮೊಹರು ಹಾಕಲ್ಲ ಅಂದ್ರೆ ಜಗಳ ಬೇಡ, ಅದೇ ಅರ್ಜಿಯನ್ನು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮೊಬೈಲ್ ಆ್ಯಪ್‌ನಲ್ಲಿ ಸಾಲದ ಖಾತೆ ಕಾಣುತ್ತಿದ್ದರೆ ಪಿಡಿಎಫ್ ಇಳಿಸಿಕೊಂಡು ನಿಮ್ಮ ತಿಳುವಳಿಕೆಗೆ ನೋಡಿ. ಆದ್ರೆ ವಿಮೆ ಕಂಪನಿ ಮುಂದೆ ಇಡೋದಕ್ಕೆ ಮೊಹರು ಇರೋ ಕಾಗದವೇ ವಾಸಿ.

ನಮ್ಮಲ್ಲಿ ಬಹಳ ಜನಕ್ಕೆ ಜಮೀನೂ ಸಾಲವೂ ಅಪ್ಪನ ಹೆಸರಲ್ಲೇ ಇರುತ್ತೆ, ಓಡಾಡೋರು ಮಾತ್ರ ನಾವು. ಹಾಗಿದ್ದಾಗ ಅರ್ಜಿಗೆ ಸಹಿ ಅಪ್ಪನದೇ ಇರಬೇಕು, ನಿಮ್ಮದು ನಡೆಯಲ್ಲ. "ನನ್ನ ಮಗ ಇಂಥವನ ಕೈಗೆ ಸ್ಟೇಟ್‌ಮೆಂಟ್ ಕೊಡಬಹುದು" ಅಂತ ಕೊನೆಗೆ ಒಂದು ಸಾಲು ಸೇರಿಸಿ, ಇಬ್ಬರ ಆಧಾರ್ ಪ್ರತಿಯನ್ನೂ ಲಗತ್ತಿಸಿ. ಅಷ್ಟಕ್ಕೂ ಒಪ್ಪದೆ ಖಾತೆದಾರರೇ ಬರಲಿ ಅನ್ನೋ ಶಾಖೆಗಳಿವೆ, ಅದು ಖಾತೆದಾರರ ಗುಟ್ಟು ಕಾಯೋ ನಿಯಮ, ಕಿರುಕುಳ ಅಲ್ಲ. ಅವರು ಹೆಬ್ಬೆಟ್ಟು ಹಾಕೋರಾದ್ರೆ ಕರೆದುಕೊಂಡು ಹೋಗೋದೇ ಒಳ್ಳೇದು.

ಪಾಸ್‌ಬುಕ್ ಕಳೆದುಹೋಗಿದ್ರೆ ಇದೇ ಅರ್ಜಿಯ ವಿಷಯದಲ್ಲಿ "ನಕಲು ಪಾಸ್‌ಬುಕ್ ಕೋರಿ" ಅಂತ ಬರೆದು, ಕಳೆದುಹೋದ ಸುಮಾರು ದಿನ ತಿಳಿಸಿ. ಆದ್ರೆ ನಕಲು ಪಾಸ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಹಳೇ ವ್ಯವಹಾರ ಮುದ್ರಿಸಲ್ಲ, ಇತ್ತೀಚಿನ ಬಾಕಿಯಿಂದ ಶುರು ಮಾಡ್ತಾರೆ. ಹಳೇ ಲೆಕ್ಕ ಬೇಕಾದವರಿಗೆ ಸ್ಟೇಟ್‌ಮೆಂಟೇ ದಾರಿ. ಪಹಣಿಯಲ್ಲಿ ಕೂತಿರೋ ಸಾಲದ ಭೋಜ ತೆಗೆಸೋದಕ್ಕೆ ಇವೆರಡೂ ಸಾಲದು, ಬೇಬಾಕಿ ಪತ್ರವನ್ನೇ ಕೇಳಬೇಕು.

ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೆ ಮೊದಲು ಸಾಲ ಕಟ್ಟಿದ ತಾರೀಖು ನೋಡಿ. ನೀವು 5 ಜೂನ್‌ಗೆ ಕಟ್ಟಿದ್ದೀರಿ, ಸಾಲದ ಖಾತೆಯಲ್ಲಿ 12 ಜೂನ್ ಅಂತ ಇದೆ ಅಂದ್ರೆ, ಹಣ ಮೊದಲು ಉಳಿತಾಯ ಖಾತೆಗೆ ಹೋಗಿ ಅಲ್ಲೇ ಕೂತಿತ್ತು ಅಂತ ಅರ್ಥ. ವಾಯಿದೆ 9 ಜೂನ್‌ಗೆ ಮುಗಿದಿದ್ರೆ ಶೇಕಡಾ 3 ಕೈತಪ್ಪೋದು ಇಲ್ಲೇ. ಚಲನ್‌ನಲ್ಲಿ ನೀವು ಬರೆದ ಸಂಖ್ಯೆ ಸಾಲದ ಖಾತೆಯದ್ದೇ ಆಗಿದ್ರೆ, ಚಲನ್ ಪ್ರತಿ ಇಟ್ಟು ತಾರೀಖು ಸರಿಪಡಿಸಿ ಅಂತ ಕೇಳಬಹುದು.

ಆಮೇಲೆ ಬಡ್ಡಿ. ಸಾಲ ತೆಗೆದ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಸಾಲುಗಳನ್ನೆಲ್ಲ ಕೂಡಿಸಿ. ಮೊತ್ತ 5,900ರ ಆಸುಪಾಸಿದ್ರೆ ರಿಯಾಯಿತಿ ಆಗಲೇ ಸಿಕ್ಕಿದೆ. 10,300ರ ಆಸುಪಾಸಿದ್ದು, ಎರಡೂ ಖಾತೆಯಲ್ಲಿ 4,400ರ ಸುಮಾರಿನ ಜಮಾ ಎಲ್ಲೂ ಇಲ್ಲ ಅಂದ್ರೆ ಬಾಕಿ ಇದೆ. ಆಗ ಕಾರಣ ಕೇಳಿ. ಆಧಾರ್ ಜೋಡಣೆ ಆಗಿಲ್ಲದಿರೋದು ಒಂದು ಸಾಮಾನ್ಯ ಕಾರಣ.

ವಿಮೆ ಕಂತು ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇಕಡಾ 2. ಹೆಕ್ಟೇರಿಗೆ ವಿಮಾ ಮೊತ್ತ 50,000 ಅಂತಾದ್ರೆ 1,000 ರೂಪಾಯಿ. ಜುಲೈ ಕೊನೆಯ ಆಸುಪಾಸಲ್ಲಿ ಈ ಕಡಿತ ಹುಡುಕಿ. ಕಡಿತ ಇದ್ದು, samrakshane.karnataka.gov.in ನಲ್ಲಿ ನಿಮ್ಮ ಹೆಸರೇ ಇಲ್ಲ ಅಂದ್ರೆ ಶಾಖೆಯವರು ಪೋರ್ಟಲ್‌ಗೆ ಏರಿಸಿಲ್ಲ. ಬೆಳೆ ಹೋಗಿ ಪರಿಹಾರ ತಪ್ಪಿದರೆ ಆ ಲೋಪಕ್ಕೆ ಬ್ಯಾಂಕೇ ಹೊಣೆ ಅಂತ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ, ಮತ್ತು ಹೊಣೆ ಹೊರಿಸೋದಕ್ಕೆ ನಿಮ್ಮ ಕೈಲಿ ಬೇಕಾದ್ದು ಸ್ಟೇಟ್‌ಮೆಂಟಿನ ಆ ಒಂದು ಸಾಲು.

ಅರ್ಜಿ ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಮೊಹರು ಹಾಕಿಸಿದ ಪ್ರತಿಯ ಫೋಟೋವನ್ನು ಅಲ್ಲಿ ಏರಿಸಿ. ಕೃಷಿ ಪತ್ತಿನ ಸಹಕಾರ ಸಂಘದ ಸಾಲಗಾರರಿಗೆ ಈ ದಾರಿ ಇಲ್ಲ, ಅವರು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಬರೆಯಬೇಕು.