ನೂಲು ಎಷ್ಟು ಉಳಿದಾಗ ಫೋನ್ ಮಾಡಬೇಕು?

ರಾಮದುರ್ಗದ ಕಡೆ ಮಗ್ಗ ನಡೆಸುವವರಿಗೆ ಒಂದು ಮಾತು. ಬೇಕಾದಾಗ ಬೇಕಾದಷ್ಟೇ ನೂಲು ತರಿಸುವ ಪದ್ಧತಿ ಒಳ್ಳೆಯದೇ. ತಿಂಗಳುಗಟ್ಟಲೆ ಮಾಲು ಒಟ್ಟಿದರೆ ಸಾಲದ ಬಡ್ಡಿ ಓಡುತ್ತದೆ. ಗಿರಾಕಿ ಬಣ್ಣ ಬದಲಿಸಿದರಂತೂ ಹಳೆಯ ನೂಲು ಮೂಲೆ ಸೇರುತ್ತದೆ.

ಆದರೆ ಲೆಕ್ಕ ಇರಲಿ. ನಿಮಗೆ ದಿನಕ್ಕೆ 12 ಕೆ.ಜಿ. ಹೊಕ್ಕಿನ ನೂಲು ಬೇಕು, ಹೇಳಿದ ಮೂರು ದಿನಕ್ಕೆ ಮಾಲು ಬರುತ್ತದೆ ಎನ್ನೋಣ. 36 ಕೆ.ಜಿ. ಉಳಿದಾಗ ಫೋನ್ ಮಾಡಿದರೆ, ಲಾರಿ ಒಂದು ದಿನ ತಡವಾದರೂ ಮಗ್ಗ ನಿಂತಿತು. ನೇಯುವವರ ಕೂಲಿಯೂ ಹೋಯಿತು. 60 ಇದ್ದಾಗಲೇ ಹೇಳಿ, ಎರಡು ದಿನದ ಉಸಿರು ಉಳಿಯುತ್ತದೆ.

ಆ ‘ಮೂರು ದಿನ’ ವ್ಯಾಪಾರಿಯ ಬಾಯಿಮಾತು ಆಗಬಾರದು. ಹೇಳಿದ ದಿನ, ಬಂದ ದಿನ ಎರಡನ್ನೂ ವಹಿಯಲ್ಲಿ ಬರೆಯುತ್ತ ಹೋಗಿ. ಹತ್ತು ಸಾಲು ತುಂಬುವಷ್ಟರಲ್ಲಿ ಆಸಾಮಿ ಎಂಥವನೆಂದು ತಿಳಿಯುತ್ತದೆ. ಪದೇ ಪದೇ ಐದು ದಿನವಾಗುತ್ತಿದ್ದರೆ ಲೆಕ್ಕವನ್ನು ಐದರ ಮೇಲೇ ಹಾಕಿ, ಇನ್ನೊಬ್ಬ ವ್ಯಾಪಾರಿಯನ್ನೂ ಪರಿಚಯ ಮಾಡಿಕೊಳ್ಳಿ. ಬಂದ ಗಂಟನ್ನು ಅಂದೇ ಬಿಚ್ಚಿ ನೋಡಿ. ನಂಬರು, ಬಣ್ಣ ತಪ್ಪಿದ ನೂಲು ಬಂದರೂ ಬಾರದಿದ್ದಂತೆಯೇ.

ನವಿಲುತೀರ್ಥದಿಂದ ನೀರು ಬಿಟ್ಟರೆ ಮಲಪ್ರಭೆ ಏನು ಮಾಡುತ್ತದೆಂದು 2019ರ ಆಗಸ್ಟಿನಲ್ಲಿ ಊರು ಕಂಡಿದೆ. ಮಳೆಗಾಲದ ಆ ಕೆಲವು ವಾರ ಮಾತ್ರ ಈ ಪದ್ಧತಿ ಬಿಡಿ. ಒಂದು ವಾರದ ನೂಲನ್ನು ಅಟ್ಟದ ಮೇಲೆ ಇಟ್ಟುಕೊಳ್ಳಿ.