ಒಂಟಿಯಾಗಿ ಬಾಳುವ ಸಹೋದರಿಗೆ: ವಿಮೆ, ಮನೆ, ಮುಪ್ಪು



ಶೆಟ್ಟಿಹಳ್ಳಿ, ಜಾಲಹಳ್ಳಿ, ಪೀಣ್ಯದ ಕಡೆ ಮದುವೆಯಾಗದೆ ತಮ್ಮ ದುಡಿಮೆಯ ಮೇಲೆಯೇ ಬಾಳುವ ಸಹೋದರಿಯರಿದ್ದಾರೆ. ಅವರನ್ನು ನಂಬಿದವರು ಯಾರೂ ಇಲ್ಲ. ನಾಳೆ ಅವರು ನಂಬಿಕೊಳ್ಳಲು ಮಕ್ಕಳೂ ಇಲ್ಲ. ಆದ್ದರಿಂದ ಕುಟುಂಬಸ್ಥರಿಗೆ ಹೇಳುವ ಹಣಕಾಸಿನ ಬುದ್ಧಿಮಾತು ಇವರಿಗೆ ಎಲ್ಲ ಕಡೆ ಹೊಂದುವುದಿಲ್ಲ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಸಹೋದರಿಗೆ ವಯಸ್ಸು 42. ತಿಂಗಳ ಖರ್ಚು 25,000 ರೂಪಾಯಿ. ಅದರಲ್ಲಿ ಮನೆ ಬಾಡಿಗೆ 10,000. ತಂದೆ ತೀರಿಹೋಗಿದ್ದಾರೆ. ತಾಯಿ ಅಣ್ಣನ ಮನೆಯಲ್ಲಿದ್ದಾರೆ. ಒಬ್ಬ ತಂಗಿಯೂ ಇದ್ದಾಳೆ.

ವಿಮೆ ಯಾರಿಗಾಗಿ?

ಜೀವವಿಮೆಯ ಹಣ ನಾವು ಸತ್ತ ಮೇಲೆ ನಮ್ಮನ್ನು ನಂಬಿದವರಿಗೆ ಅನ್ನವಾಗುತ್ತದೆ. ನಂಬಿದವರೇ ಇಲ್ಲದಿದ್ದರೆ ಅದಕ್ಕೆ ದೊಡ್ಡ ಕಂತು ಕಟ್ಟುವ ಅಗತ್ಯವಿಲ್ಲ. ಈ ಸಹೋದರಿಗೆ ಭಯವಿರುವುದು ಸಾವಿನಿಂದಲ್ಲ, ಬದುಕಿದ್ದೂ ದುಡಿಯಲಾಗದ ಸ್ಥಿತಿಯಿಂದ. ಆದುದರಿಂದ ಆಕೆಗೆ ಮೊದಲು ಬೇಕಾದುದು ಆರೋಗ್ಯ ವಿಮೆ. ಅದರ ಜೊತೆಗೆ ಅಂಗವೈಕಲ್ಯಕ್ಕೂ ಹಣ ಕೊಡುವ ಅಪಘಾತ ವಿಮೆ.

ಕಂಪನಿ ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಅರವತ್ತು ದಾಟಿದ ಮೇಲೆ ಹೊಸದನ್ನು ಕೊಳ್ಳಹೋದರೆ ಕಂತು ಹೆಚ್ಚು. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಕೆಲಸದಲ್ಲಿರುವಾಗಲೇ ತನ್ನ ಹೆಸರಿನಲ್ಲಿ ಒಂದು ಪಾಲಿಸಿ ಇರಲಿ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಏನಿದ್ದರೂ ಬರೆಯಬೇಕು. ಮುಚ್ಚಿಟ್ಟರೆ, ಆಸ್ಪತ್ರೆಯ ಬಿಲ್ಲು ಬಂದಾಗ ಆ ಕಾರಣಕ್ಕೇ ಹಣ ನಿರಾಕರಿಸಬಹುದು.

ಮನೆಯೂ ಒಂದು ಪಿಂಚಣಿ

ಆಕೆ 60ಕ್ಕೆ ನಿವೃತ್ತಳಾಗಿ 90ರವರೆಗೆ ಬದುಕಿದರೆ 360 ತಿಂಗಳು. ಉಳಿತಾಯದ ಬಡ್ಡಿಯು ಬೆಲೆಯೇರಿಕೆಗೆ ಸರಿಸಮವಾಗಿರುತ್ತದೆಂದು ಇಟ್ಟುಕೊಂಡರೆ, ಇಂದಿನ ರೂಪಾಯಿ ಲೆಕ್ಕದಲ್ಲಿ ಆಕೆಗೆ 90 ಲಕ್ಷ ಬೇಕು. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ, 18 ವರ್ಷಗಳ ನಂತರ ಇದೇ ಮೊತ್ತ ಎರಡೂವರೆ ಕೋಟಿಗೂ ಮಿಕ್ಕುತ್ತದೆ. ಈ 90 ಲಕ್ಷದಲ್ಲಿ 36 ಲಕ್ಷ ಬರೀ ಬಾಡಿಗೆಗೆ! ಸಾಲ ತೀರಿದ ಒಂದು ಸಣ್ಣ ಮನೆಯಿದ್ದರೆ, ಅದರ ತೆರಿಗೆ ಮತ್ತು ರಿಪೇರಿಯ ಖರ್ಚು ಕಳೆದು, ಈ ಹೊರೆಯ ಬಹುಪಾಲು ಇಳಿಯುತ್ತದೆ. ಆದರೆ ಉಳಿತಾಯವೆಲ್ಲ ಗೋಡೆಗೆ ಹೋದರೆ ಊಟಕ್ಕೆ ಉಳಿಯದು. ಆದ್ದರಿಂದ ಮನೆ ಚಿಕ್ಕದಿರಲಿ, ಸಾಲ 60ರೊಳಗೆ ತೀರಲಿ, ಆರು ತಿಂಗಳ ಕಂತಿನ ಹಣ ಸದಾ ಬ್ಯಾಂಕಿನಲ್ಲಿರಲಿ. ಇನ್ನೊಬ್ಬರ ಸಂಬಳ ಆಕೆಯ ನೆರವಿಗೆ ಬರುವುದಿಲ್ಲವಷ್ಟೆ.

ಬೆಂಗಳೂರು ಉತ್ತರದ ಹೊರವಲಯದಲ್ಲಿ ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ಹಂಚಿದ ಸೈಟುಗಳೂ ಉಂಟು. 'ಬಿ' ಖಾತೆ ತೆರಿಗೆ ಕಟ್ಟಲು ಮಾಡಿಕೊಟ್ಟ ದಾಖಲೆ. ಅದೊಂದರಿಂದಲೇ ನಿವೇಶನ ಸಕ್ರಮವಾಗುವುದಿಲ್ಲ. ಸಾಲ ಕೊಡಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಮುಂಗಡ ಕೊಡುವ ಮೊದಲೇ ಖಾತೆ, ಕ್ರಯಪತ್ರ, ಋಣಭಾರ ಪತ್ರಗಳನ್ನು ವಕೀಲರಿಗೆ ತೋರಿಸಬೇಕು.

ನಿವೃತ್ತಿಯ ಹಣದ ಒಂದು ಭಾಗವನ್ನು ವಿಮಾ ಸಂಸ್ಥೆಗೆ ಕೊಟ್ಟು ಜೀವಮಾನದ ಪಿಂಚಣಿ ಕೊಳ್ಳಬಹುದು. ಮರಣಾನಂತರ ಅಸಲನ್ನು ವಾರಸುದಾರರಿಗೆ ಹಿಂತಿರುಗಿಸುವ ಯೋಜನೆಗಿಂತ, ಹಿಂತಿರುಗಿಸದ ಯೋಜನೆಯಲ್ಲಿ ತಿಂಗಳ ಪಿಂಚಣಿ ಹೆಚ್ಚು. ಯಾರಿಗೂ ಬಿಟ್ಟುಹೋಗಬೇಕಿಲ್ಲದವಳಿಗೆ ಇದು ಅನುಕೂಲ. ಆದರೆ ಈ ಪಿಂಚಣಿ ಸಾಮಾನ್ಯವಾಗಿ ಬೆಲೆಯೊಂದಿಗೆ ಏರುವುದಿಲ್ಲ. ಕೊಟ್ಟ ಹಣವೂ ಬೇಕೆಂದಾಗ ಕೈಗೆ ಬಾರದು. ಆದ್ದರಿಂದ ಎಲ್ಲವನ್ನೂ ಅದರಲ್ಲಿ ಹಾಕಬಾರದು.

ಮರಣಪತ್ರ ಬರೆಯದಿದ್ದರೆ

ಕ್ರೈಸ್ತರಾದ ನಮಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಗಂಡ, ಮಕ್ಕಳಿಲ್ಲದವಳು ಮರಣಪತ್ರ ಬರೆಯದೆ ತೀರಿಕೊಂಡರೆ, ತಂದೆ ಇದ್ದಲ್ಲಿ ಆಸ್ತಿಯೆಲ್ಲ ತಂದೆಗೆ. ತಂದೆಯಿಲ್ಲದಿದ್ದರೆ ತಾಯಿ ಮತ್ತು ಒಡಹುಟ್ಟಿದವರಿಗೆ ಸಮಪಾಲು. ನಮ್ಮ ಉದಾಹರಣೆಯಲ್ಲಿ ತಾಯಿ, ಅಣ್ಣ, ತಂಗಿಗೆ ಮೂರರಲ್ಲಿ ಒಂದೊಂದು ಪಾಲು. ಹಾಸಿಗೆ ಹಿಡಿದಾಗ ನೋಡಿಕೊಂಡವಳು ತಂಗಿಯೊಬ್ಬಳೇ ಆಗಿದ್ದರೂ ಕಾನೂನು ಅದನ್ನು ಲೆಕ್ಕಿಸದು. ಕೊನೆಯವರೆಗೆ ಜೊತೆಗಿದ್ದ ಗೆಳತಿಗೆ ಏನೂ ಇಲ್ಲ. ಬ್ಯಾಂಕಿನಲ್ಲಿ ನಾಮಿನಿ ಬರೆಸಿದ್ದರೆ ಸಾಕೆಂದು ಹಲವರು ತಿಳಿದಿದ್ದಾರೆ. ನಾಮಿನಿ ಹಣವನ್ನು ಪಡೆಯಬಹುದು, ಆದರೆ ಅಷ್ಟಕ್ಕೇ ಅದರ ಒಡೆಯನಾಗುವುದಿಲ್ಲ. ವಾರಸುದಾರರು ಕೇಳಿದರೆ ಕೊಡಬೇಕಾಗುತ್ತದೆ.

ಮರಣಪತ್ರಕ್ಕೆ ಸ್ಟಾಂಪ್ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಬೇಕು, ಇಬ್ಬರು ಸಾಕ್ಷಿಗಳೂ ಸಹಿ ಮಾಡಬೇಕು. ಆಸ್ತಿ ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ, ಅವರಿಗೆ ಬರೆದುಕೊಟ್ಟ ಪಾಲು ಅನೂರ್ಜಿತವಾಗುತ್ತದೆ. ದೇವಾಲಯಕ್ಕೋ ಅನಾಥಾಲಯಕ್ಕೋ ಕೊಡಬಯಸುವ ಕ್ರೈಸ್ತರಿಗೆ ಹಿಂದೆ ಈ ಕಾಯಿದೆಯ 118ನೇ ಕಲಂ ಅಡ್ಡಿಯಾಗಿತ್ತು. ಸುಪ್ರೀಂ ಕೋರ್ಟು 2003ರಲ್ಲಿ ಅದನ್ನು ರದ್ದುಪಡಿಸಿತು.

ಮರಣಪತ್ರವನ್ನು ಜಾರಿಮಾಡುವ ಒಬ್ಬರನ್ನು ಅದರಲ್ಲೇ ಹೆಸರಿಸಿ, ಅದು ಎಲ್ಲಿದೆಯೆಂದು ಅವರಿಗೆ ತಿಳಿಸಿರಬೇಕು. ಆರೋಗ್ಯ ವಿಮೆಯ ಕಾರ್ಡು ಎಲ್ಲಿದೆಯೆಂಬುದೂ ನೆರೆಯಲ್ಲಿರುವ ಒಬ್ಬರಿಗಾದರೂ ಗೊತ್ತಿರಲಿ. ಪ್ರಜ್ಞೆತಪ್ಪಿ ಆಸ್ಪತ್ರೆ ಸೇರಿದ ದಿನ ಆ ಕಾರ್ಡನ್ನು ತಂದುಕೊಡುವವರು ಅವರೇ.