ಮೂಗಿನ ಮರುಪಾಠ

ನೆಗಡಿ, ಕೋವಿಡ್ ಮುಂತಾದ ಸೋಂಕುಗಳು ವಾಸಿಯಾದ ಮೇಲೂ ಕೆಲವರಿಗೆ ವಾಸನೆಯೇ ತಿಳಿಯದೆ ಉಳಿಯುವುದುಂಟು. ಮೂಗು ಕಟ್ಟಿರುವುದಿಲ್ಲ, ಉಸಿರಾಟ ಸರಾಗವಾಗಿರುತ್ತದೆ. ಆದರೂ ಹಾಲು ಸೀದುದು ಅರಿವಿಗೆ ಬರುವುದಿಲ್ಲ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಮೂಗಿನ ಒಳಗೆ, ಮೇಲ್ಭಾಗದಲ್ಲಿ, ವಾಸನೆಯನ್ನು ಗ್ರಹಿಸುವ ಸಣ್ಣದೊಂದು ಪೊರೆಯಿದೆ. ಅದರಲ್ಲಿ ನರಕೋಶಗಳೂ ಅವಕ್ಕೆ ಆಸರೆಯಾದ ಕೋಶಗಳೂ ಇರುತ್ತವೆ. ಕೋವಿಡ್ ವೈರಸ್ಸು ಮುಖ್ಯವಾಗಿ ಆಸರೆಯ ಕೋಶಗಳನ್ನು ಹೊಗುತ್ತದೆ. ಆಸರೆ ತಪ್ಪಿದಾಗ ನರಕೋಶಗಳೂ ಕೆಡುತ್ತವೆ. ಪೊರೆಯ ತಳದಲ್ಲಿರುವ ಮೂಲಕೋಶಗಳು ಹೊಸ ನರಕೋಶಗಳನ್ನು ಹುಟ್ಟಿಸಬಲ್ಲವು. ಆದರೆ ಅವುಗಳ ಎಳೆಗಳು ಮಿದುಳಿನವರೆಗೆ ಹಾದಿ ಹುಡುಕಿಕೊಳ್ಳಬೇಕಾದುದರಿಂದ ಈ ಕಾರ್ಯ ತಿಂಗಳುಗಟ್ಟಲೆ ನಡೆಯುತ್ತದೆ.

ಈ ದುರಸ್ತಿಗೆ ನೆರವಾಗಲೆಂದು ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಘ್ರಾಣಾಭ್ಯಾಸವೊಂದನ್ನು ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಇವೇ ಅದರ ನಾಲ್ಕು ಪರಿಮಳಗಳು. 12 ವಾರ ಅಭ್ಯಾಸ ಮಾಡಿದವರ ಘ್ರಾಣಶಕ್ತಿ ಒಟ್ಟಿನಲ್ಲಿ ಹೆಚ್ಚಿತು. ಮಾಡದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಶಿರಸಿ ತಾಲ್ಲೂಕಿನ ಎಕ್ಕಂಬಿಯ ವಿದ್ಯಾರ್ಥಿನಿಯೊಬ್ಬಳು ಇದನ್ನು ಮನೆಯಲ್ಲಿಯೇ ಮಾಡುವಳೆಂದು ಭಾವಿಸೋಣ. ನಾಲ್ಕು ಸಣ್ಣ ಶೀಸೆಗಳಲ್ಲಿ ಪನ್ನೀರು ಅದ್ದಿದ ಹತ್ತಿ, ನೀಲಗಿರಿ ಎಣ್ಣೆಯ ಒಂದೆರಡು ಹನಿ, ಹಸಿ ನಿಂಬೆಸಿಪ್ಪೆ, ಜಜ್ಜಿದ ಲವಂಗ ಇವನ್ನಿಡಬೇಕು. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಒಂದೊಂದನ್ನೂ ಸುಮಾರು 10 ಸೆಕೆಂಡು ಮೆಲ್ಲಗೆ ಮೂಸಿ, ಅದರ ಹಿಂದಿನ ಪರಿಮಳವನ್ನು ನೆನೆಯಬೇಕು. ಸಿಪ್ಪೆಯನ್ನು ಆಗಾಗ ಬದಲಾಯಿಸಬೇಕು. ಎಣ್ಣೆ ಮೂಗಿಗೆ ತಾಗಬಾರದು.

ಇಲ್ಲೊಂದು ಮೋಸವುಂಟು. ನೀಲಗಿರಿಯ ತಂಪು, ಲವಂಗದ ಚುರುಕು ಇವನ್ನು ತಿಳಿಸುವುದು ಮುಖದ ಸ್ಪರ್ಶಕ್ಕೆ ಸಂಬಂಧಿಸಿದ ಬೇರೊಂದು ನರ. ಅವು ತಿಳಿದ ಮಾತ್ರಕ್ಕೆ ವಾಸನೆ ಮರಳಿತೆನ್ನಲಾಗದು. ಆದುದರಿಂದ ಪರೀಕ್ಷೆಗೆ ವೆನಿಲ್ಲಾ ಉತ್ತಮ, ಅದರಲ್ಲಿ ಚುರುಕಿಲ್ಲ. ಒಂದೇ ಬಗೆಯ ಎರಡು ಶೀಸೆಗಳಲ್ಲಿ ಒಂದಕ್ಕೆ ವೆನಿಲ್ಲಾ ಹಾಕಿ, ಇನ್ನೊಂದನ್ನು ಬರಿದಾಗಿಡಲಿ. ಅವಳು ಕಣ್ಣು ಮುಚ್ಚಿರಲು ತಾಯಿ ಕ್ರಮ ಬದಲಿಸಿ 10 ಸಲ ಹಿಡಿಯಲಿ. ಬರಿಯ ಊಹೆಯಿಂದಲೇ ಸುಮಾರು 5 ಸರಿಯಾದೀತು. 9 ಅಥವಾ 10 ಸರಿಯಾದರೆ ಮೂಗು ವಾಸನೆಯನ್ನು ಅರಿಯುತ್ತಿದೆಯೆನ್ನಬಹುದು.

ನಡುವೆ ಕಾಫಿ, ಹುರಿದ ಈರುಳ್ಳಿ ಕೊಳೆತಂತೆ ನಾರಬಹುದು. ಹೊಸ ಎಳೆಗಳು ಇನ್ನೂ ಸರಿಯಾಗಿ ಜೋಡಣೆಗೊಳ್ಳದಾಗ ಇಂಥ ವಿಕೃತಿ ಉಂಟಾಗುವುದೆಂದು ತಜ್ಞರು ಭಾವಿಸುತ್ತಾರೆ. ಅನೇಕರಲ್ಲಿ ಅದು ಕಾಲಕ್ರಮದಲ್ಲಿ ತಗ್ಗುತ್ತದೆ.

12 ವಾರಕ್ಕೆ ಮೊದಲು ಫಲವಿಲ್ಲವೆಂದು ತೀರ್ಮಾನಿಸಬಾರದು. ಆರು ತಿಂಗಳಾದರೂ ಮುಂದುವರಿಸುವುದು ಲೇಸು. ಕೆಲವರಿಗೆ ವರ್ಷ ಕಳೆದ ಮೇಲೆ ಗುಣ ಕಾಣುತ್ತದೆ, ಕೆಲವರಿಗೆ ಅರ್ಧವಷ್ಟೇ ಮರಳುತ್ತದೆ, ಕೆಲವರಿಗೆ ಮರಳುವುದೇ ಇಲ್ಲ. ಅಭ್ಯಾಸದಿಂದ ಸಂಭವ ಹೆಚ್ಚುತ್ತದೆ, ಖಾತರಿ ದೊರೆಯುವುದಿಲ್ಲ. ಅಲ್ಲಿಯವರೆಗೆ ಗ್ಯಾಸ್ ಸೋರಿಕೆಯನ್ನೂ ಹಳಸಿದ ಅನ್ನವನ್ನೂ ಇನ್ನೊಬ್ಬರ ಮೂಗಿನಿಂದ ಪರೀಕ್ಷಿಸಿಕೊಳ್ಳಬೇಕು. ಒಂದೇ ಹೊಳ್ಳೆ ಕಟ್ಟಿದ್ದರೆ, ರಕ್ತ ಬಂದರೆ, ಇಲ್ಲವೆ ತಲೆಗೆ ಪೆಟ್ಟಾದ ಮೇಲೆ ವಾಸನೆ ಹೋಗಿದ್ದರೆ ಕಾಯದೆ ವೈದ್ಯರನ್ನು ಕಾಣತಕ್ಕದ್ದು.